ಮೂತ್ರದ ಕಲ್ಚರ್ ರಿಪೋರ್ಟ್‌ಗಳಿಂದ ಆಂಟಿಬಯೋಗ್ರಾಂ: ಎಕ್ಸೆಲ್‌ನಲ್ಲಿ ಹಂತ ಹಂತವಾಗಿ

ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಈ ಫೋನ್ ಕರೆ ಹೊಸದಲ್ಲ. "ಮೇಡಂ, ಕಲ್ಚರ್ ಬರೋಕೆ ಇನ್ನೂ ಎರಡು ದಿನ ಬೇಕು. ಪೇಷೆಂಟ್‌ಗೆ ಇವತ್ತೇ ಏನಾದ್ರೂ ಶುರು ಮಾಡ್ಬೇಕು. ನಮ್ಮಲ್ಲಿ ಯೂರಿನ್‌ಗೆ ಈಗ ಯಾವುದು ಕೆಲಸ ಮಾಡ್ತಿದೆ?"

ಉತ್ತರ ನಮ್ಮ ಫೈಲ್‌ಗಳಲ್ಲೇ ಇದೆ. ಆದರೆ ಒಂದೊಂದು ರಿಪೋರ್ಟ್ ಒಂದೊಂದು ಹಾಳೆಯಲ್ಲಿ ಇದ್ದರೆ ಯಾರಿಗೂ ಕಾಣುವುದಿಲ್ಲ. ಅವನ್ನೆಲ್ಲ ಒಂದು ಟೇಬಲ್‌ಗೆ ತಂದು, ಯಾವ ಬ್ಯಾಕ್ಟೀರಿಯಾಗೆ ಯಾವ ಔಷಧಿ ನೂರಕ್ಕೆ ಎಷ್ಟು ಸಲ ಕೆಲಸ ಮಾಡಿದೆ ಎಂದು ತೋರಿಸಿದರೆ ಅದೇ ಆಂಟಿಬಯೋಗ್ರಾಂ. ಇಲ್ಲಿ ಮೂತ್ರದ ಕಲ್ಚರ್ ಒಂದನ್ನೇ ತೆಗೆದುಕೊಂಡಿದ್ದೇನೆ. ಸಾಮಾನ್ಯ ಆಸ್ಪತ್ರೆಯಲ್ಲಿ ಜಾಸ್ತಿ ಬರುವ ಸ್ಯಾಂಪಲ್ ಅದು. ಟೇಬಲ್ ಮಾಡುವಾಗ ಆಗುವ ತಪ್ಪುಗಳೂ ಹೆಚ್ಚುಕಡಿಮೆ ಎಲ್ಲವೂ ಅದರಲ್ಲೇ ಸಿಗುತ್ತವೆ.

ಮೊದಲೇ ಒಂದು ಮಾತು. ಈ ಕೆಲಸದಲ್ಲಿ ಫಾರ್ಮುಲಾ ಕಷ್ಟವಲ್ಲ. ಯಾವ ರಿಪೋರ್ಟನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದೇ ಕಷ್ಟ. ಅದು ತಪ್ಪಿದರೆ ಟೇಬಲ್ ಎಷ್ಟೇ ಚೆನ್ನಾಗಿ ಕಂಡರೂ ಡಾಕ್ಟರ್ ತಪ್ಪು ಔಷಧಿ ಆರಿಸುತ್ತಾರೆ.

ಹಂತ 1: ಹಾಳೆ ಹಾಕಿಕೊಳ್ಳುವುದು

ಎಕ್ಸೆಲ್‌ನಲ್ಲಿ `data` ಎಂಬ ಹಾಳೆ ಮಾಡಿ. ಒಂದು ಬ್ಯಾಕ್ಟೀರಿಯಾಗೆ ಒಂದು ಸಾಲು. ಒಂದೇ ಸ್ಯಾಂಪಲ್‌ನಲ್ಲಿ ಎರಡು ಬ್ಯಾಕ್ಟೀರಿಯಾ ಬೆಳೆದಿದ್ದರೆ ಎರಡು ಸಾಲು. ಔಷಧಿಗಳು ಕಾಲಂಗಳಲ್ಲಿ ಇರಲಿ. ಈ ಫೈಲ್‌ನಲ್ಲಿ ಮೂತ್ರ ಮಾತ್ರ. ರಕ್ತ, ಕೀವು, ಕಫ ಎಲ್ಲಕ್ಕೂ ಬೇರೆ ಬೇರೆ ಫೈಲ್. ಒಂದು ವರ್ಷಕ್ಕೆ ಒಂದು ಫೈಲ್ ಸಾಕು.

ಕೆಳಗಿನ ನಾಲ್ಕು ಸಾಲು ಒಂದು ಮಾದರಿ. ಹೆಸರು, ನಂಬರ್, ಫಲಿತಾಂಶ ಎಲ್ಲವೂ ತೋರಿಸಲಿಕ್ಕಾಗಿ ಹಾಕಿದ್ದು.

```
labno  uhid    date        ward  org  first  NIT  AMK  CIP  CRO  MEM  flag
U0411  H20817  2024-03-04  OPD   eco  1      S    S    R    R    S    3GC-R
U0436  H20817  2024-03-11  MED   eco  0      S    S    R    R    S    3GC-R
U0437  H31150  2024-03-11  ICU   kpn  1      R    R    R    R    R    CRE
U0452  H28604  2024-03-14  OPD   pmi  1      S    S    S    S    S
```

`eco` ಎಂದರೆ ಇ. ಕೋಲೈ, `kpn` ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ, `pmi` ಪ್ರೋಟಿಯಸ್ ಮಿರಾಬಿಲಿಸ್. ಔಷಧಿಗಳಲ್ಲಿ `NIT` ನೈಟ್ರೊಫ್ಯುರಾಂಟೊಯಿನ್, `AMK` ಅಮಿಕಾಸಿನ್, `CIP` ಸಿಪ್ರೊಫ್ಲಾಕ್ಸಾಸಿನ್, `CRO` ಸೆಫ್ಟ್ರಿಯಾಕ್ಸೋನ್, `MEM` ಮೆರೊಪೆನೆಮ್. `S` ಎಂದರೆ ಔಷಧಿ ಕೆಲಸ ಮಾಡುತ್ತದೆ, `R` ಎಂದರೆ ಮಾಡುವುದಿಲ್ಲ. ಮುಂದೆ ಬರುವ `I` ಇವೆರಡರ ನಡುವಿನದು, `SDD` ಎಂದರೆ ಡೋಸ್ ಹೆಚ್ಚಿಸಿದರೆ ಕೆಲಸ ಮಾಡಬಹುದು. ಈ ಕೋಡ್‌ಗಳನ್ನು ನಾನು ಕಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕೆಲಸ ಮಾಡುವ ತಂಡ ಉಚಿತವಾಗಿ ಕೊಡುವ `WHONET` ಎಂಬ ಸಾಫ್ಟ್‌ವೇರ್‌ನಲ್ಲಿ ಇರುವಂಥವೇ ಇವು. ಇವತ್ತು ಎಕ್ಸೆಲ್‌ನಲ್ಲಿ ಶುರು ಮಾಡಿ, ನಾಳೆ ಅದಕ್ಕೆ ಹೋಗುವುದಾದರೆ ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾಗಿಲ್ಲ.

ಔಷಧಿಗಳನ್ನು ಅಕ್ಷರದ ಕ್ರಮದಲ್ಲಿ ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್, ವಾಚ್, ರಿಸರ್ವ್ ಎಂದು ಮೂರು ಗುಂಪು ಮಾಡಿತು. ಮೊದಲು ಬಳಸಬೇಕಾದವು, ಜೋಪಾನವಾಗಿ ಬಳಸಬೇಕಾದವು, ಬೇರೆ ದಾರಿ ಇಲ್ಲದಾಗ ಮಾತ್ರ ತೆಗೆಯಬೇಕಾದವು. ಮೇಲಿನ ಐದರಲ್ಲಿ ನೈಟ್ರೊಫ್ಯುರಾಂಟೊಯಿನ್, ಅಮಿಕಾಸಿನ್ ಮೊದಲ ಗುಂಪಿನವು. ಉಳಿದ ಮೂರೂ ವಾಚ್ ಗುಂಪಿನವು. ಕಣ್ಣು ಎಡದಿಂದ ಬಲಕ್ಕೆ ಓದುತ್ತದೆ, ಅಲ್ವಾ? ಎಡಗಡೆಯ ಔಷಧಿ ಸಾಕಾದರೆ ಡಾಕ್ಟರ್ ಮೆರೊಪೆನೆಮ್ ಕಾಲಂವರೆಗೆ ಹೋಗುವುದೇ ಇಲ್ಲ. ನನಗೆ ಈ ಸಣ್ಣ ಬದಲಾವಣೆ ತುಂಬ ಮುಖ್ಯ ಅನಿಸುತ್ತದೆ.

ಹಂತ 2: ತುಂಬುವಾಗ ಪಾಲಿಸಬೇಕಾದ ಶಿಸ್ತು

ಫೈನಲ್ ರಿಪೋರ್ಟ್ ಮಾತ್ರ ಹಾಕಿ. ಮೊದಲ ದಿನದ ತಾತ್ಕಾಲಿಕ ರಿಪೋರ್ಟ್ ಬೇಡ. ಮೂರು ನಾಲ್ಕು ಬಗೆ ಬೆಳೆದು, ಸ್ಯಾಂಪಲ್ ಕೆಟ್ಟಿದೆ ಎಂದು ಬರೆದವೂ ಬೇಡ. ರೋಗ ಇಲ್ಲದೆ ಸುಮ್ನೆ ಸ್ಕ್ರೀನಿಂಗ್‌ಗೆ ತೆಗೆದ ಸ್ಯಾಂಪಲ್‌ಗಳನ್ನೂ ಬಿಡಿ.

ಫಲಿತಾಂಶದ ಸೆಲ್‌ಗಳಲ್ಲಿ `S`, `I`, `SDD`, `R` ಈ ನಾಲ್ಕನ್ನು ಬಿಟ್ಟು ಬೇರೇನೂ ಟೈಪ್ ಆಗದಂತೆ ಡೇಟಾ ವ್ಯಾಲಿಡೇಶನ್ ಹಾಕಿ. ಟೆಸ್ಟ್ ಮಾಡದಿದ್ದರೆ ಸೆಲ್ ಖಾಲಿ ಇರಲಿ. ಅಲ್ಲಿ `NT` ಅಂತಲೋ ಅಡ್ಡಗೆರೆ ಅಂತಲೋ ಹಾಕಿದರೆ, ಮುಂದೆ ಬರುವ ಫಾರ್ಮುಲಾ ಅದನ್ನೂ ಟೆಸ್ಟ್ ಆದದ್ದೆಂದೇ ಎಣಿಸುತ್ತದೆ. `S` ಆದಮೇಲೆ ಒಂದು ಸ್ಪೇಸ್ ಬಿದ್ದಿದ್ದರೂ ಅದು `S` ಲೆಕ್ಕಕ್ಕೆ ಬರುವುದಿಲ್ಲ. ಕಣ್ಣಿಗೆ ಕಾಣದ ತಪ್ಪು ಇದು.

ರೋಗಿಯ ನಂಬರ್ ಮುಂದೆ ಒಂದು ಅಕ್ಷರ ಇರಲೇಬೇಕು. ಬರೀ ಅಂಕಿ ಇದ್ದರೆ ಎಕ್ಸೆಲ್‌ನ `COUNTIFS` ಅದನ್ನು ಸಂಖ್ಯೆ ಎಂದು ತಿಳಿಯುತ್ತದೆ. ಆಗ 00123, 123 ಎರಡೂ ಒಬ್ಬರೇ ಆಗುತ್ತಾರೆ. ನಂಬರ್ 15 ಅಂಕಿಗಿಂತ ಉದ್ದ ಇದ್ದರೆ ಮೊದಲ 15 ಅಂಕಿ ಮಾತ್ರ ಹೋಲಿಸುತ್ತದೆ. ಬೇರೆ ಬೇರೆ ರೋಗಿಗಳು ಸದ್ದಿಲ್ಲದೆ ಒಬ್ಬರಾಗಿ ಬಿಡುತ್ತಾರೆ. ತಾರೀಕನ್ನು 2024-03-04 ರೀತಿ ವರ್ಷ ಮೊದಲು ಬರುವಂತೆ ಬರೆಯಿರಿ. ಇಲ್ಲದಿದ್ದರೆ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದಾಗ ಮಾರ್ಚ್ 4 ಹೋಗಿ ಏಪ್ರಿಲ್ 3 ಆಗುತ್ತದೆ.

ಯಂತ್ರದಲ್ಲಿ ಟೆಸ್ಟ್ ಮಾಡುವವರು `S`, `R` ಜೊತೆ ಎಂಐಸಿ ಅಂಕಿಯನ್ನೂ, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಸಾಕಾಗುವ ಔಷಧಿಯ ಕನಿಷ್ಠ ಪ್ರಮಾಣವನ್ನೂ, ಇನ್ನೊಂದು ಹಾಳೆಯಲ್ಲಿ ಇಟ್ಟುಕೊಳ್ಳಿ. ಕಾರಣ ಇದೆ. ನಾವು ಪಾಲಿಸುವ, ಸಿಎಲ್‌ಎಸ್‌ಐ ಎಂಬ ಅಮೆರಿಕದ ಸಂಸ್ಥೆಯ ಮಾನದಂಡ ಆಗಾಗ ಬದಲಾಗುತ್ತದೆ. ಇ. ಕೋಲೈಗೆ ಸಿಪ್ರೊಫ್ಲಾಕ್ಸಾಸಿನ್ ಎಂಐಸಿ 0.5 ಬಂದರೆ 2018ರಲ್ಲಿ ಅದು `S`. 2019ರಿಂದ `S` ಎನ್ನಲು 0.25 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಅದೇ 0.5 ಈಗ `I`. ಯಂತ್ರದಲ್ಲಿ ಹಳೆಯ ಮಾನದಂಡವೇ ಉಳಿದಿದ್ದರೆ ಸಿಪ್ರೊ ನಿಜಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಬರೀ ಅಕ್ಷರ ಇಟ್ಟುಕೊಂಡಿದ್ದರೆ ಇದನ್ನು ಆಮೇಲೆ ಸರಿ ಮಾಡುವುದಕ್ಕೆ ಆಗುವುದಿಲ್ಲ.

ಎಂಐಸಿ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಕಿರಿಯ ಡಾಕ್ಟರ್‌ಗಳು ಇದನ್ನು ಕೇಳುತ್ತಲೇ ಇರುತ್ತಾರೆ. ರಿಪೋರ್ಟ್‌ನಲ್ಲಿ ಒಂದು ಔಷಧಿಗೆ 0.25, ಇನ್ನೊಂದಕ್ಕೆ 16 ಇದ್ದರೆ ಮೊದಲನೆಯದು ಹೆಚ್ಚು ಒಳ್ಳೆಯದು ಅಂತಲ್ಲ. ಪ್ರತಿ ಔಷಧಿಗೂ ಅದರದೇ ಗಡಿ ಇದೆ. ನೈಟ್ರೊಫ್ಯುರಾಂಟೊಯಿನ್‌ಗೆ 32ರವರೆಗೂ `S`. ಈ ಗೊಂದಲ ಬರಬಾರದೆಂದೇ ಗೋಡೆಗೆ ಹಾಕುವ ಟೇಬಲ್‌ನಲ್ಲಿ ಎಂಐಸಿ ಹಾಕುವುದಿಲ್ಲ.

ಹಂತ 3: ಒಬ್ಬ ರೋಗಿ, ಒಂದು ಬ್ಯಾಕ್ಟೀರಿಯಾ, ಒಂದೇ ಸಲ

ನಾನು ಮೊದಲ ಸಲ ಈ ಟೇಬಲ್ ಮಾಡಿದಾಗ ಆದದ್ದನ್ನು ಹೇಳಬೇಕು. ಕ್ಲೆಬ್ಸಿಯೆಲ್ಲಾದ 38 ರಿಪೋರ್ಟ್ ಇದ್ದವು. ಮೆರೊಪೆನೆಮ್‌ಗೆ 22 `S`. ಅಂದರೆ 58%. ಟೇಬಲ್ ಹೊರಗೆ ಹೋಯಿತು. ಒಂದು ವಾರದ ಮೇಲೆ ಹಿರಿಯ ಫಿಸಿಶಿಯನ್ ಒಬ್ಬರು ಲ್ಯಾಬಿಗೇ ಬಂದರು. "ಇಷ್ಟು ಕೆಟ್ಟಿದೆಯಾ? ಹಾಗಾದ್ರೆ ಕ್ಲೆಬ್ಸಿಯೆಲ್ಲಾ ಅನುಮಾನ ಬಂದ ಕೂಡ್ಲೇ ಕೊಲಿಸ್ಟಿನ್ ಶುರು ಮಾಡ್ಬೇಕಾ?" ಎಂದು ಕೇಳಿದರು. ಕೊಲಿಸ್ಟಿನ್ ಕಿಡ್ನಿಗೆ ಪೆಟ್ಟು ಕೊಡುವ ಔಷಧಿ, ರಿಸರ್ವ್ ಗುಂಪಿನದು. ನನಗೆ ಎದೆ ಧಸಕ್ಕೆಂದಿತು.

ಇಬ್ಬರೂ ಕೂತು ಸಾಲುಗಳನ್ನು ನೋಡಿದೆವು. ಐಸಿಯುನಲ್ಲಿ ತಿಂಗಳುಗಟ್ಟಲೆ ಇದ್ದ ಒಬ್ಬರದೇ ಏಳು ರಿಪೋರ್ಟ್ ಇದ್ದವು. ಕ್ಯಾಥೆಟರ್ ಬದಲಿಸಿದಾಗಲೆಲ್ಲ ಸ್ಯಾಂಪಲ್ ಕಳಿಸಿದ್ದರು. ಏಳರಲ್ಲೂ ಅದೇ ಕ್ಲೆಬ್ಸಿಯೆಲ್ಲಾ, ಏಳರಲ್ಲೂ ಮೆರೊಪೆನೆಮ್ `R`. ಅವರನ್ನು ಒಂದೇ ಸಲ ಎಣಿಸಿದರೆ 32 ರೋಗಿಗಳಲ್ಲಿ 22, ಅಂದರೆ 69%. ಒಬ್ಬ ರೋಗಿಯಿಂದ ಇಡೀ ಆಸ್ಪತ್ರೆಯ ಅಂಕಿ 11 ಅಂಶ ಕೆಳಗೆ ಬಿದ್ದಿತ್ತು. ತುಂಬಾ ದಿನ ಇರುವ, ಮತ್ತೆ ಮತ್ತೆ ಸ್ಯಾಂಪಲ್ ಕಳಿಸುವ ರೋಗಿಗಳಲ್ಲೇ ಗಟ್ಟಿ ಬ್ಯಾಕ್ಟೀರಿಯಾ ಇರುತ್ತದೆ. ಹಾಗಾಗಿ ಈ ತಪ್ಪು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಎಳೆಯುತ್ತದೆ.

ಇದಕ್ಕೆ ಸಿಎಲ್‌ಎಸ್‌ಐನ ಎಂ39 ಎಂಬ ದಾಖಲೆಯಲ್ಲಿ ಸ್ಪಷ್ಟ ನಿಯಮವಿದೆ. ಲೆಕ್ಕದ ಅವಧಿಯಲ್ಲಿ ಒಬ್ಬ ರೋಗಿಯಿಂದ ಒಂದು ಜಾತಿಯ ಬ್ಯಾಕ್ಟೀರಿಯಾದ ಮೊದಲನೆಯದನ್ನು ಮಾತ್ರ ಎಣಿಸಬೇಕು. `first` ಕಾಲಂ ಇರುವುದು ಅದಕ್ಕೇ. ಮೊದಲು ಇಡೀ ಹಾಳೆಯನ್ನು ತಾರೀಕಿನ ಪ್ರಕಾರ ಸಾರ್ಟ್ ಮಾಡಿ. ಆಮೇಲೆ `F2`ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ.

```
=IF(COUNTIFS($B$2:B2,B2,$E$2:E2,E2)=1,1,0)
```

ಈ ರೋಗಿ, ಈ ಬ್ಯಾಕ್ಟೀರಿಯಾ ಇಬ್ಬರೂ ಒಟ್ಟಿಗೆ ಮೊದಲ ಸಲ ಬಂದರೆ 1, ಇಲ್ಲದಿದ್ದರೆ 0. ಮಾದರಿಯಲ್ಲಿ `H20817` ಎರಡನೆಯ ಸಲ ಬಂದಾಗ 0 ಆಗಿದೆ ನೋಡಿ. ಒಂದು ಎಚ್ಚರಿಕೆ. ಆಮೇಲೆ ಯಾರಾದರೂ ಹಾಳೆಯನ್ನು ವಾರ್ಡ್ ಪ್ರಕಾರ ಸಾರ್ಟ್ ಮಾಡಿದರೆ ಈ ಫಾರ್ಮುಲಾ ಮತ್ತೆ ಲೆಕ್ಕ ಹಾಕುತ್ತದೆ. ಆಗ ನಿಜವಾಗಿ ಎರಡನೆಯದಾದ ಸಾಲಿಗೆ 1 ಹೋಗಬಹುದು. ಒಟ್ಟು ಸಂಖ್ಯೆ ಹಾಗೆಯೇ ಇರುವುದರಿಂದ ಗೊತ್ತೂ ಆಗುವುದಿಲ್ಲ. ಲೆಕ್ಕ ಮಾಡುವ ದಿನ ತಾರೀಕಿನ ಪ್ರಕಾರ ಸಾರ್ಟ್ ಮಾಡಿ, ಈ ಕಾಲಂ ಕಾಪಿ ಮಾಡಿ, ಅಲ್ಲೇ ಬರೀ ವ್ಯಾಲ್ಯೂ ಪೇಸ್ಟ್ ಮಾಡಿಬಿಡಿ.

"ಮೊದಲು `S` ಇದ್ದು, ಆಮೇಲೆ `R` ಆದರೆ ಅದನ್ನು ಮುಚ್ಚಿಟ್ಟಂತೆ ಆಗುವುದಿಲ್ಲವೇ?" ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆದರೆ ಈ ಟೇಬಲ್ ಹೊಸದಾಗಿ ಬಂದ ರೋಗಿಗೆ ಮೊದಲ ಔಷಧಿ ಆರಿಸಲು. ಹಳೆಯ ರೋಗಿಗೆ ಅವರದೇ ಇತ್ತೀಚಿನ ರಿಪೋರ್ಟ್ ನೋಡಬೇಕು. ಆ ಸಾಲನ್ನು ನಾವು ಅಳಿಸುತ್ತಿಲ್ಲ, ಪರ್ಸೆಂಟ್ ಲೆಕ್ಕದಿಂದ ಹೊರಗಿಡುತ್ತೇವೆ ಅಷ್ಟೆ.

ಹಂತ 4: ಗಟ್ಟಿ ಬ್ಯಾಕ್ಟೀರಿಯಾಗೆ ಬಾವುಟ

ಪರ್ಸೆಂಟ್ ವರ್ಷಕ್ಕೊಮ್ಮೆ ಬೇಕು. ಆದರೆ ಐಸಿಯುನಲ್ಲಿ ಇವತ್ತು ಮೆರೊಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬಂದರೆ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್‌ಗೆ ಇವತ್ತೇ ಗೊತ್ತಾಗಬೇಕು. `L2`ನಲ್ಲಿ ಇದನ್ನು ಹಾಕಿ.

```
=IF(OR(E2="eco",E2="kpn"),IF(K2="R","CRE",IF(J2="R","3GC-R","")),"")
```

ಮೆರೊಪೆನೆಮ್‌ನಂಥ ಕಾರ್ಬಾಪೆನೆಮ್ ಔಷಧಿಗೆ ಬಗ್ಗದಿದ್ದರೆ `CRE`. ಅದಕ್ಕೆ ಬಗ್ಗಿ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದಿದ್ದರೆ `3GC-R`. ಎರಡನೆಯದಕ್ಕೆ ಔಷಧಿಯನ್ನು ಒಡೆಯುವ ಕಿಣ್ವವಾದ ಇಎಸ್‌ಬಿಎಲ್ ಎಂದು ನಾನು ಬರೆಯುವುದಿಲ್ಲ. ಬಹುಪಾಲು ಅದೇ ಇರಬಹುದು. ಆದರೆ ಆಂಪ್‌ಸಿ ಎಂಬ ಬೇರೆ ಕಿಣ್ವದಿಂದಲೂ ಹೀಗಾಗುತ್ತದೆ. ಖಚಿತಪಡಿಸುವ ಟೆಸ್ಟ್ ಮಾಡದೆ ಹೆಸರು ಇಡಬಾರದು. ಕಂಡದ್ದನ್ನು ಮಾತ್ರ ಬರೆಯೋಣ.

`A2`ರಿಂದ `L` ಕಾಲಂವರೆಗಿನ ಎಲ್ಲ ಸಾಲು ಆರಿಸಿ, `=$L2="CRE"` ಎಂಬ ಫಾರ್ಮುಲಾದಿಂದ ಕಂಡೀಶನಲ್ ಫಾರ್ಮ್ಯಾಟಿಂಗ್ ಹಾಕಿ. `CRE` ಇದ್ದ ಸಾಲು ಪೂರ್ತಿ ಕೆಂಪಾಗಲಿ. ಇಲ್ಲಿ `first` ನೋಡಬೇಡಿ. ಎಲ್ಲ ಸಾಲಿಗೂ ಬಾವುಟ ಬೇಕು. ಆದರೆ ತಿಂಗಳ ಕೊನೆಗೆ ಎಷ್ಟು ಎಂದು ಹೇಳುವಾಗ ರೋಗಿಗಳನ್ನು ಎಣಿಸಿ, ರಿಪೋರ್ಟ್‌ಗಳನ್ನಲ್ಲ.

ಈ ಹಂತದಲ್ಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಆಗಬಾರದ ಫಲಿತಾಂಶಗಳನ್ನು ಹುಡುಕುವುದು. ಮೇಲಿನ ಮಾದರಿಯ ನಾಲ್ಕನೆಯ ಸಾಲನ್ನು ಮತ್ತೊಮ್ಮೆ ನೋಡಿ. ಪ್ರೋಟಿಯಸ್‌ಗೆ ನೈಟ್ರೊಫ್ಯುರಾಂಟೊಯಿನ್ `S`. ಪ್ರೋಟಿಯಸ್ ಹುಟ್ಟಿನಿಂದಲೇ ಆ ಔಷಧಿಗೆ ಬಗ್ಗುವುದಿಲ್ಲ. ಅಂದಮೇಲೆ ಬ್ಯಾಕ್ಟೀರಿಯಾ ಗುರುತಿಸಿದ್ದೇ ತಪ್ಪಿರಬಹುದು, ಇಲ್ಲವೇ ಟೈಪಿಂಗ್ ತಪ್ಪು, ಇಲ್ಲವೇ ಎರಡು ಬ್ಯಾಕ್ಟೀರಿಯಾ ಬೆರೆತಿವೆ. ಪ್ಲೇಟ್ ಇನ್ನೂ ಇದ್ದರೆ ಹೋಗಿ ನೋಡಿ. ಮೂತ್ರಕ್ಕೆ ನಾವು ಬಳಸುವ ಸಿಎಲ್‌ಇಡಿ ಅಗರ್ ಮೇಲೆ ಪ್ರೋಟಿಯಸ್ ಹರಡುವುದಿಲ್ಲ. ಹಾಗಾಗಿ ಬ್ಲಡ್ ಅಗರ್ ಮೇಲೆ ಹಾಕಿ, ಅಲೆ ಅಲೆಯಾಗಿ ಹರಡುತ್ತದೆಯೇ ಎಂದು ನೋಡಿದರೆ ಅನುಮಾನ ಬೇಗ ಬಗೆಹರಿಯುತ್ತದೆ.

ಸೆಫ್ಟ್ರಿಯಾಕ್ಸೋನ್ `S`, ಮೆರೊಪೆನೆಮ್ `R` ಎಂದು ಇ. ಕೋಲೈಗೆ ಬಂದರೂ ನಿಲ್ಲಿ. ತೀರಾ ಅಪರೂಪ ಅದು. ಮತ್ತೆ ಟೆಸ್ಟ್ ಮಾಡದೆ ಹೊರಗೆ ಬಿಡಬೇಡಿ.

ಹಂತ 5: ಎಣಿಕೆ

`summary` ಎಂಬ ಇನ್ನೊಂದು ಹಾಳೆ ಮಾಡಿ. `A2`ರಿಂದ ಕೆಳಗೆ ಬ್ಯಾಕ್ಟೀರಿಯಾದ ಕೋಡ್‌ಗಳು. `B`ರಿಂದ `F`ವರೆಗೆ ಐದು ಔಷಧಿ. `B2`ನಲ್ಲಿ ಎಷ್ಟು `S` ಎಂದು ಎಣಿಸಿ.

```
=COUNTIFS(data!$E:$E,$A2,data!$F:$F,1,data!G:G,"S")
```

ಅದೇ ಕೋಡ್‌ಗಳನ್ನು `A12`ರಿಂದ ಮತ್ತೆ ಬರೆದು, `B12`ನಲ್ಲಿ ಎಷ್ಟಕ್ಕೆ ಟೆಸ್ಟ್ ಆಗಿದೆ ಎಂದು ಎಣಿಸಿ.

```
=COUNTIFS(data!$E:$E,$A12,data!$F:$F,1,data!G:G,"<>")
```

`B22`ನಲ್ಲಿ ಪರ್ಸೆಂಟ್.

```
=IF(B12<30,"-",ROUND(100*B2/B12,0))
```

ಮೂರನ್ನೂ ಬಲಕ್ಕೂ ಕೆಳಕ್ಕೂ ಎಳೆದರೆ ಟೇಬಲ್ ತುಂಬುತ್ತದೆ. ಬಲಕ್ಕೆ ಎಳೆದಾಗ ಔಷಧಿಯ ಕಾಲಂ ತಾನೇ ಮುಂದೆ ಹೋಗುತ್ತದೆ. ಅದಕ್ಕಾಗಿಯೇ `G:G` ಮುಂದೆ ಡಾಲರ್ ಚಿಹ್ನೆ ಹಾಕಿಲ್ಲ.

`I` ಬಂದವನ್ನು `S` ಜೊತೆ ಸೇರಿಸಬೇಡಿ. ಮೇಲಿನ ಫಾರ್ಮುಲಾದಲ್ಲಿ ಅವು ಒಟ್ಟು ಲೆಕ್ಕದಲ್ಲಿ ಇರುತ್ತವೆ, `S`ನಲ್ಲಿ ಇರುವುದಿಲ್ಲ. ಅದೇ ಸರಿ. ಕೊಲಿಸ್ಟಿನ್ ಮಾತ್ರ ಇಲ್ಲಿ ಬೇರೆ. ಸಿಎಲ್‌ಎಸ್‌ಐ 2020ರಲ್ಲಿ ಕೊಲಿಸ್ಟಿನ್‌ಗೆ `S` ಎಂಬ ವರ್ಗವನ್ನೇ ತೆಗೆದುಹಾಕಿತು. ಈಗ `I` ಅಥವಾ `R` ಅಷ್ಟೆ. ಆ ಕಾಲಂ ಹಾಕಿದರೆ ಎಲ್ಲೆಡೆ ಸೊನ್ನೆ ಬರುತ್ತದೆ, ಓದಿದವರು ಗಾಬರಿ ಬೀಳುತ್ತಾರೆ. ಅದನ್ನು ಈ ಟೇಬಲ್‌ಗೆ ತರದೆ, ಎಷ್ಟು `R` ಎಂದು ಕೆಳಗೆ ಬೇರೆ ಸಾಲಿನಲ್ಲಿ ಬರೆಯಿರಿ.

ಟೆಸ್ಟ್ ಆದದ್ದು ಮೂವತ್ತಕ್ಕಿಂತ ಕಡಿಮೆ ಇದ್ದರೆ ಫಾರ್ಮುಲಾ ಪರ್ಸೆಂಟ್ ಬದಲು ಅಡ್ಡಗೆರೆ ತೋರಿಸುತ್ತದೆ. ಆ ಗಡಿಯೂ ಎಂ39ರಿಂದಲೇ ಬಂದದ್ದು. ಹತ್ತೇ ಬ್ಯಾಕ್ಟೀರಿಯಾ ಇದ್ದರೆ ಒಂದು ಆಚೀಚೆ ಆದರೂ 10% ಬದಲಾಗುತ್ತದೆ. ಮೂವತ್ತು ಇದ್ದರೂ ನೆಮ್ಮದಿಯಾಗಿ ಕೂರುವಂತಿಲ್ಲ. 30ರಲ್ಲಿ 24 `S` ಅಂದರೆ 80%. ಆದರೆ ಅಷ್ಟು ಸಣ್ಣ ಲೆಕ್ಕದಲ್ಲಿ ನಿಜವಾದದ್ದು ಸುಮಾರು 63ರಿಂದ 90ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹೋದ ವರ್ಷ 80 ಇದ್ದದ್ದು ಈ ವರ್ಷ 75 ಆಯಿತು ಎಂದು ಮೀಟಿಂಗ್‌ನಲ್ಲಿ ಗಲಾಟೆ ಆದರೆ ಇದನ್ನು ನೆನಪಿಸಿ. ಸಣ್ಣ ಆಸ್ಪತ್ರೆಯವರು ಎರಡು ವರ್ಷದ ಡೇಟಾ ಸೇರಿಸಿಕೊಳ್ಳಬಹುದು. ಆದರೆ ಹಾಗೆ ಮಾಡಿದ್ದೇವೆ ಎಂದು ಟೇಬಲ್ ಮೇಲೆ ಬರೆಯಬೇಕು. ಆಗ `first` ಲೆಕ್ಕವೂ ಎರಡು ವರ್ಷಕ್ಕೆ ಒಟ್ಟಾಗಿ ಆಗಬೇಕು.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ

ಇಲ್ಲಿಂದ ಮುಂದಿನ ಇ. ಕೋಲೈ ಅಂಕಿಗಳು ವಿಧಾನ ತೋರಿಸಲು ಹಾಕಿದವು. ಯಾವ ಆಸ್ಪತ್ರೆಯದೂ ಅಲ್ಲ.

ವರ್ಷದಲ್ಲಿ ಇ. ಕೋಲೈನ 112 ರಿಪೋರ್ಟ್. ಒಬ್ಬರಿಗೆ ಒಂದೇ ಎಂದು ಇಟ್ಟುಕೊಂಡಾಗ 84. ನೈಟ್ರೊಫ್ಯುರಾಂಟೊಯಿನ್ 80ಕ್ಕೆ ಟೆಸ್ಟ್ ಆಗಿದೆ, 70 `S`. ಅಂದರೆ 88%. ಅಮಿಕಾಸಿನ್ 84ರಲ್ಲಿ 72, 86%. ಸಿಪ್ರೊ 84ರಲ್ಲಿ 21, 25%. ಸೆಫ್ಟ್ರಿಯಾಕ್ಸೋನ್ 84ರಲ್ಲಿ 28, 33%. ಇಲ್ಲಿವರೆಗೆ ಸುಲಭ.

ಮೆರೊಪೆನೆಮ್ ಕಾಲಂಗೆ ಬಂದಾಗ ಟೆಸ್ಟ್ ಆದದ್ದು 56 ಮಾತ್ರ ಎಂದು ಬರುತ್ತದೆ. `S` 45, ಅಂದರೆ 80%. ಉಳಿದ 28 ಎಲ್ಲಿ ಹೋದವು? ಸೆಫ್ಟ್ರಿಯಾಕ್ಸೋನ್ `S` ಬಂದವೂ 28. ಎರಡೂ ಸಂಖ್ಯೆ ಒಂದೇ ಇರುವುದೇ ಸುಳಿವು. ತುಂಬ ಲ್ಯಾಬ್‌ಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡಿದರೆ ಮೆರೊಪೆನೆಮ್ ಫಲಿತಾಂಶವನ್ನು ರಿಪೋರ್ಟ್‌ನಲ್ಲಿ ತೋರಿಸುವುದಿಲ್ಲ. ಡಾಕ್ಟರ್ ಸುಮ್ನೆ ದೊಡ್ಡ ಔಷಧಿಗೆ ಹೋಗಬಾರದೆಂದು ಹಾಗೆ. ರೋಗಿಗೆ ಅದು ಒಳ್ಳೆಯದೇ. ಆದರೆ ಮುದ್ರಿಸಿದ ರಿಪೋರ್ಟ್ ನೋಡಿ ಟೇಬಲ್ ತುಂಬಿದರೆ, ಮೆರೊಪೆನೆಮ್ ಕಾಲಂನಲ್ಲಿ ಗಟ್ಟಿ ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತವೆ. ಸುಲಭವಾಗಿ ಸಾಯುವವು ಲೆಕ್ಕಕ್ಕೇ ಬರುವುದಿಲ್ಲ.

ಯಂತ್ರದೊಳಗಿನ ಡೇಟಾ ತೆಗೆದು ನೋಡಿದರೆ ಆ 28ಕ್ಕೂ ಮೆರೊಪೆನೆಮ್ ಟೆಸ್ಟ್ ಆಗಿದೆ, ಎಲ್ಲವೂ `S`. ಈಗ 45ಕ್ಕೆ 28 ಸೇರಿಸಿ 73. ಅದು 84ರಲ್ಲಿ 87%. ಹಾಗಾಗಿ ಟೇಬಲ್‌ಗೆ ಯಾವಾಗಲೂ ಯಂತ್ರದ ಅಥವಾ ಬೆಂಚ್ ರಿಜಿಸ್ಟರ್‌ನ ಪೂರ್ತಿ ಡೇಟಾ ಬಳಸಿ, ಕಳಿಸಿದ ರಿಪೋರ್ಟ್ ಅಲ್ಲ. ಡಿಸ್ಕ್ ಇಡುವ ಲ್ಯಾಬ್‌ನಲ್ಲಿ ಕೆಲವಕ್ಕೆ ಆ ಔಷಧಿಯನ್ನು ಟೆಸ್ಟೇ ಮಾಡಿರದಿದ್ದರೆ ಆ ಕಾಲಂ ಮುಖ್ಯ ಟೇಬಲ್‌ನಲ್ಲಿ ಬೇಡ. ಒಂದೇ ಸಾಲಿನ ಔಷಧಿಗಳಲ್ಲಿ ಟೆಸ್ಟ್ ಆದ ಸಂಖ್ಯೆ ತುಂಬ ವ್ಯತ್ಯಾಸ ಇದ್ದರೆ ಈ ಅನುಮಾನ ತಾನಾಗಿ ಬರಬೇಕು. `summary` ಹಾಳೆಯಲ್ಲಿ 12ನೇ ಸಾಲಿನ ಭಾಗವನ್ನು ಅಳಿಸದೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಇನ್ನು ವಾರ್ಡ್. ಸೆಫ್ಟ್ರಿಯಾಕ್ಸೋನ್ 33% ಎಂದೆವು. `D` ಕಾಲಂ ಸೇರಿಸಿ ಮತ್ತೆ ಎಣಿಸಿದರೆ ಓಪಿಡಿಯ 50 ರೋಗಿಗಳಲ್ಲಿ 22 `S`, ಅಂದರೆ 44%. ಅಡ್ಮಿಟ್ ಆದ 34ರಲ್ಲಿ 6, ಅಂದರೆ 18%. 33 ಎಂಬುದು ಓಪಿಡಿಯದೂ ಅಲ್ಲ, ವಾರ್ಡಿನದೂ ಅಲ್ಲ. ಎರಡೂ ಕಡೆ 30 ದಾಟಿದರೆ ಟೇಬಲ್ ಎರಡು ಮಾಡಿ.

ಈ ಮಾದರಿ ಟೇಬಲ್ ಕೊನೆಗೆ ಹೀಗೆ ಕಾಣುತ್ತದೆ. ಕ್ಲೆಬ್ಸಿಯೆಲ್ಲಾ ಸಾಲಿನಲ್ಲಿ ಮೆರೊಪೆನೆಮ್ ನಮ್ಮ ಹಳೆಯ 69. ಉಳಿದವು ಮಾದರಿಗೆ.

```
Urine, all wards   n    NIT  AMK  CIP  CRO  MEM
eco                84   88   86   25   33   87
kpn                32   41   66   31   34   69
pmi                 9   xx    -    -    -    -
```

`xx` ಅನ್ನು ಫಾರ್ಮುಲಾ ಹಾಕುವುದಿಲ್ಲ, ನೀವೇ ಬರೆದು ಆ ಜಾಗವನ್ನು ಬೂದು ಬಣ್ಣ ಮಾಡಿ. ಹುಟ್ಟಿನಿಂದಲೇ ಬಗ್ಗದ ಜೋಡಿಗಳು ಅವು. ಅಲ್ಲಿ ಸೊನ್ನೆ ಬರೆಯಬಾರದು, ಖಾಲಿ ಬಿಡಲೂ ಬಾರದು. ಖಾಲಿ ಬಿಟ್ಟರೆ ಟೆಸ್ಟ್ ಮಾಡಿಲ್ಲ, ಕೊಟ್ಟು ನೋಡೋಣ ಎಂದು ಯಾರಾದರೂ ಅಂದುಕೊಳ್ಳಬಹುದು. ನಿಮ್ಮ ಟೇಬಲ್‌ನಲ್ಲಿ ಸ್ಯೂಡೋಮೋನಾಸ್ ಇದ್ದರೆ ಅದರ ಸೆಫ್ಟ್ರಿಯಾಕ್ಸೋನ್, ಎಂಟೆರೊಕಾಕಸ್ ಇದ್ದರೆ ಎಲ್ಲ ಸೆಫಲೋಸ್ಪೋರಿನ್‌ಗಳು, ಕ್ಲೆಬ್ಸಿಯೆಲ್ಲಾಗೆ ಆಂಪಿಸಿಲಿನ್, ಎಲ್ಲವೂ ಬೂದು.

ಹಂತ 6: ಕಣ್ಣಿಗೆ ಕಾಣುವಂತೆ, ತಪ್ಪು ಓದದಂತೆ

ಬಣ್ಣದ ಗಡಿ ಎಲ್ಲಿ ಎಂಬುದನ್ನು ನಿಮ್ಮ ಆಸ್ಪತ್ರೆಯ ಡಾಕ್ಟರ್‌ಗಳೊಡನೆ ಕೂತು ನಿರ್ಧರಿಸಿ. ನಾನು 80 ಮತ್ತು ಮೇಲಕ್ಕೆ ಹಸಿರು, 60ರಿಂದ 79 ಹಳದಿ, ಕೆಳಗೆ ಕೆಂಪು ಇಡುತ್ತೇನೆ. ಸಾಮಾನ್ಯ ಮೂತ್ರಕೋಶದ ಸೋಂಕಿಗೆ ಕೋಟ್ರೈಮಾಕ್ಸಜೋಲ್ ವಿಷಯದಲ್ಲಿ ಅಮೆರಿಕದ ಸೋಂಕು ರೋಗ ತಜ್ಞರ ಸಂಘ ತನ್ನ 2010ರ ಮಾರ್ಗಸೂಚಿಯಲ್ಲಿ ಕೊಟ್ಟ ಗಡಿ 20% ಪ್ರತಿರೋಧ. ನನ್ನ 80 ಅದರಿಂದ ಬಂದದ್ದು. ಆದರೆ ಬಿಪಿ ಬಿದ್ದು ಐಸಿಯುಗೆ ಬಂದ ರೋಗಿಗೆ 80 ಸಾಲದು. ಐದರಲ್ಲಿ ಒಬ್ಬರಿಗೆ ಮೊದಲ ಔಷಧಿ ತಪ್ಪುತ್ತದೆ ಎಂದರ್ಥ. ಐಸಿಯು ಟೇಬಲ್‌ಗೆ ಹಸಿರನ್ನು 90ಕ್ಕೆ ಏರಿಸಿ.

ವಾರ್ಡ್‌ಗಳಿಗೆ ಹೋಗುವುದು ಬಹಳ ಸಲ ಜೆರಾಕ್ಸ್ ಪ್ರತಿ. ಅದರಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣ. ಅದಕ್ಕೇ ಹಸಿರಿನ ಅಂಕಿಗಳನ್ನು ದಪ್ಪಕ್ಷರದಲ್ಲೂ ಇಡಿ. ಕಪ್ಪು ಬಿಳುಪಿನಲ್ಲಿ ಒಂದು ಪ್ರಿಂಟ್ ತೆಗೆದು ನೋಡಿದ ಮೇಲೇ ಹಂಚಿ.

ಈಗ ಮೇಲಿನ ಟೇಬಲ್‌ನಲ್ಲಿ ಇ. ಕೋಲೈ ಸಾಲು ನೋಡಿ. ನೈಟ್ರೊಫ್ಯುರಾಂಟೊಯಿನ್ 88, ಹಸಿರು, ಎಲ್ಲಕ್ಕಿಂತ ಎಡಗಡೆ. ನೋಡಿದವರು ಅದನ್ನೇ ಆರಿಸುತ್ತಾರೆ. ಉರಿಮೂತ್ರ ಎಂದು ಓಪಿಡಿಗೆ ಬಂದವರಿಗೆ ಸರಿಯಾದ ಆಯ್ಕೆ. ಆದರೆ ಜ್ವರ, ಚಳಿ, ಸೊಂಟದ ಪಕ್ಕ ನೋವು ಇದ್ದು ಸೋಂಕು ಕಿಡ್ನಿಗೆ ಏರಿದ್ದರೆ ಈ ಔಷಧಿ ಕೆಲಸಕ್ಕೆ ಬಾರದು. ಅದು ಮೂತ್ರದಲ್ಲಿ ಸಾಕಷ್ಟು ಸೇರುತ್ತದೆ, ರಕ್ತದಲ್ಲಿ, ಕಿಡ್ನಿಯ ಒಳಗೆ ಸಾಕಷ್ಟು ನಿಲ್ಲುವುದಿಲ್ಲ. ಕಿಡ್ನಿ ತುಂಬ ಸೋತವರಿಗೂ ಹಾಗೆಯೇ. ಲ್ಯಾಬ್ ತಟ್ಟೆಯ ಮೇಲಿನ `S`ಗೆ ಇದೊಂದೂ ಗೊತ್ತಿಲ್ಲ. ಆದ್ದರಿಂದ `NIT` ಎಂದಷ್ಟೇ ಕಾಲಂ ಹೆಸರು ಇಡಬೇಡಿ. ಗೋಡೆಯ ಟೇಬಲ್‌ನಲ್ಲಿ "ನೈಟ್ರೊಫ್ಯುರಾಂಟೊಯಿನ್ (ಮೂತ್ರಕೋಶದ ಸೋಂಕಿಗೆ ಮಾತ್ರ)" ಎಂದು ಕಾಲಂ ತಲೆಯಲ್ಲೇ ಬರೆಯಿರಿ. ಅಡಿಟಿಪ್ಪಣಿಯಲ್ಲಿ ಬರೆದರೆ ರಾತ್ರಿ ಡ್ಯೂಟಿಯವರು ಓದುವುದಿಲ್ಲ. ಬಾಯಿಂದ ಕೊಡುವ ಫಾಸ್ಫೊಮೈಸಿನ್ ಕಾಲಂ ಹಾಕಿದರೆ ಅದಕ್ಕೂ ಇದೇ ಮಾತು. ಅದರ ಸಿಎಲ್‌ಎಸ್‌ಐ ಗಡಿ ಮೂತ್ರದ ಇ. ಕೋಲೈ ಮತ್ತು ಎಂಟೆರೊಕಾಕಸ್ ಫೀಕಾಲಿಸ್‌ಗೆ ಮಾತ್ರ ಇದೆ. ಕ್ಲೆಬ್ಸಿಯೆಲ್ಲಾ ಸಾಲಿಗೆ ಅದೇ ಗಡಿ ಎಳೆದು `S` ಎನ್ನಬಾರದು.

ಓಪಿಡಿ ಟೇಬಲ್ ಬಗ್ಗೆ ಡಾಕ್ಟರ್‌ಗಳಿಗೆ ಒಂದು ವಿಷಯ ಮುಖಾಮುಖಿ ಹೇಳಿ. ನಮ್ಮಲ್ಲಿ ಉರಿಮೂತ್ರ ಎಂದ ಕೂಡಲೇ ಯಾರೂ ಕಲ್ಚರ್ ಕಳಿಸುವುದಿಲ್ಲ. ಮೆಡಿಕಲ್ ಸ್ಟೋರ್‌ನ ಮಾತ್ರೆ, ಆಮೇಲೆ ಇನ್ನೊಂದು ಮಾತ್ರೆ, ಎರಡೂ ಕೆಲಸ ಮಾಡದಾಗ ಕಲ್ಚರ್. ಹಾಗಾಗಿ ಲ್ಯಾಬಿಗೆ ಬರುವುದು ಆಗಲೇ ಸೋಸಿ ಉಳಿದವು. ಊರಿನಲ್ಲಿ ಇರುವ ಇ. ಕೋಲೈಗಿಂತ ನಮ್ಮ ಟೇಬಲ್‌ನ ಇ. ಕೋಲೈ ಗಟ್ಟಿ. ಮೊದಲ ಸಲ ಬಂದ, ಯಾವ ಔಷಧಿಯನ್ನೂ ತೆಗೆದುಕೊಳ್ಳದ ರೋಗಿಯ ಮಟ್ಟಿಗೆ ಈ ಅಂಕಿಗಳು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ. ಈ ಕೊರತೆಯನ್ನು ಫಾರ್ಮುಲಾದಿಂದ ಸರಿಪಡಿಸಲು ಆಗದು. ಮೊದಲ ಭೇಟಿಯಲ್ಲೇ ಒಂದಷ್ಟು ಜನರ ಸ್ಯಾಂಪಲ್ ಕಳಿಸಿ ಎಂದು ಕೇಳಿಕೊಳ್ಳಬಹುದು.

ವರ್ಷಕ್ಕೆ ಕೆಲವು ನೂರು ರಿಪೋರ್ಟ್ ದಾಟಿದರೆ `WHONET`ಗೆ ಹೋಗಿ. `BacLink` ಎಂಬ ಜೊತೆ ಸಾಫ್ಟ್‌ವೇರ್ ನಿಮ್ಮ ಎಕ್ಸೆಲ್ ಫೈಲನ್ನೇ ಒಳಗೆ ತೆಗೆದುಕೊಳ್ಳುತ್ತದೆ. ಒಬ್ಬರಿಗೆ ಒಂದೇ ಎಂಬ ಆಯ್ಕೆ ಅದರಲ್ಲೇ ಇದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ಮೊದಲ ಸಲ ಎರಡೂ ಕಡೆ ಲೆಕ್ಕ ಮಾಡಿ ಹೋಲಿಸಿ. `n` ಒಂದೇ ಬರಬೇಕು. ಬರದಿದ್ದರೆ ರೋಗಿಯ ನಂಬರ್ ಕಾಲಂನಿಂದ ಹುಡುಕಲು ಶುರು ಮಾಡಿ.

ಪ್ರಿಂಟ್ ತೆಗೆಯುವ ಮೊದಲು ಟೇಬಲ್‌ನ ಕೆಳಗೆ ನಾಲ್ಕು ವಿಷಯ ಬರೆಯಿರಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ವಾರ್ಡ್‌ಗಳು, ಸಿಎಲ್‌ಎಸ್‌ಐನ ಯಾವ ವರ್ಷದ ಮಾನದಂಡ, ಒಬ್ಬ ರೋಗಿಗೆ ಒಂದೇ ಎಣಿಕೆ ಎಂಬ ಮಾತು. ಹೊಸ ಟೇಬಲ್ ಅಂಟಿಸುವ ದಿನ ನರ್ಸಿಂಗ್ ಸ್ಟೇಷನ್, ಕ್ಯಾಶುವಾಲಿಟಿ, ಡ್ಯೂಟಿ ರೂಂಗಳಿಗೆ ನೀವೇ ಹೋಗಿ ಹಳೆಯದನ್ನು ಕಿತ್ತು ತನ್ನಿ. ಹಳೆಯ ಮಾನದಂಡದ ಸಿಪ್ರೊ ಕಾಲಂ ಅಲ್ಲಿ ಇನ್ನೂ ಹಸಿರಾಗಿ ಇರಬಹುದು.